ಒಂದು ಖರೀದಿ, ಎರಡು ಸಂದೇಶ

ಕಾರ್ಡಿನಲ್ಲಿ ಕೊಟ್ಟ ಹಣ ನಾಲ್ಕು ದಿನ ‘ಪೆಂಡಿಂಗ್’ ಎಂದು ನಿಂತು, ಆಮೇಲೆ ಬೇರೆಯೇ ಮೊತ್ತವಾಗಿ ಖಾತೆಗೆ ಏರಿದರೆ ಬ್ಯಾಂಕಿನ ಕಂಪ್ಯೂಟರ್ ಎಡವಿತೆಂದು ಅನ್ನಿಸುವುದು ಸಹಜ. ಇದರ ಬೇರು ಕಾರ್ಡ್ ವಹಿವಾಟಿಗೆ ಕಂಪ್ಯೂಟರ್ ಬರುವುದಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದಲ್ಲಿ 1958ರಲ್ಲಿ ಬ್ಯಾಂಕ್‌ಅಮೆರಿಕಾರ್ಡ್ ಶುರುವಾದಾಗ ಅಂಗಡಿಯವನ ಮುಂದೆ ಎರಡು ಬೇರೆ ಕೆಲಸಗಳಿದ್ದವು. ಮೊತ್ತ ದೊಡ್ಡದಾದರೆ ಫೋನ್ ಮಾಡಿ ‘ಈ ಕಾರ್ಡಿಗೆ ಮಾರಬಹುದೇ’ ಎಂದು ಕೇಳಬೇಕಿತ್ತು. ಕಾರ್ಡಿನ ಅಚ್ಚು ಒತ್ತಿ, ಗಿರಾಕಿಯ ಸಹಿ ಪಡೆದ ಚೀಟಿಗಳನ್ನು ಆಮೇಲೆ ಬ್ಯಾಂಕಿಗೆ ಕೊಟ್ಟು ಹಣ ಪಡೆಯಬೇಕಿತ್ತು. ಮುಂದೆ ವೀಸಾ ಆದ ಆ ಜಾಲ 1973ರಲ್ಲಿ ಅನುಮತಿ ಕೇಳುವುದನ್ನು ಕಂಪ್ಯೂಟರಿಗೆ ಒಪ್ಪಿಸಿತು. ಚೀಟಿಗಳ ಲೆಕ್ಕವನ್ನು ಮರುವರ್ಷ ಬೇರೊಂದು ವ್ಯವಸ್ಥೆಗೆ ಹಾಕಿತು. ಕಾಗದ ಹೋಯಿತು, ಎರಡು ಹೆಜ್ಜೆ ಉಳಿದವು.

ಅಮೆರಿಕದ ಹೋಟೆಲಿನಲ್ಲಿ ಬೆಂಗಳೂರಿನ ಕಾರ್ಡೊಂದರಿಂದ 40 ಡಾಲರ್ ಬಿಲ್ ಕೊಟ್ಟರೆನ್ನಿ. ಕಾರ್ಡ್ ಉಜ್ಜಿದೊಡನೆ ಮೊದಲ ಸಂದೇಶ ಬ್ಯಾಂಕಿಗೆ ಬರುತ್ತದೆ. ಆ ದಿನ ಡಾಲರಿಗೆ 83 ರೂಪಾಯಿ ಎಂದಿಟ್ಟುಕೊಂಡರೆ ಬ್ಯಾಂಕ್ 3,320 ರೂಪಾಯಿಯನ್ನು ಬಳಸದಂತೆ ಕಾದಿರಿಸುತ್ತದೆ. ಆದರೆ ಹಣ ಇನ್ನೂ ಹೋಗಿರುವುದಿಲ್ಲ. ಗಿರಾಕಿ ಆಮೇಲೆ ರಸೀದಿಯಲ್ಲಿ 8 ಡಾಲರ್ ಟಿಪ್ಸ್ ಬರೆದು ಸಹಿ ಹಾಕುತ್ತಾರೆ. ಹೋಟೆಲ್ ಆ ದಿನದ ವಹಿವಾಟನ್ನು ಒಟ್ಟಾಗಿ ಕಳಿಸಿದಾಗ 48 ಡಾಲರಿನ ಎರಡನೆಯ ಸಂದೇಶ ಹೊರಡುತ್ತದೆ. ಲೆಕ್ಕ ಮುಗಿಯುವ ದಿನ ದರ 83.50 ಆಗಿದ್ದರೆ ಖಾತೆಗೆ ಏರುವುದು 4,008 ರೂಪಾಯಿ. ಹೆಚ್ಚಾದ 688ರಲ್ಲಿ 664 ಟಿಪ್ಸಿನದು, 24 ದರದ್ದು. ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ ಇದಕ್ಕೆ ಹೊರತು.

ಇಂದಿನ ವೇಗದಲ್ಲಿ ಎರಡನ್ನೂ ಒಂದೇ ಸಲ ಮಾಡಲಾಗದೇ ಎಂದು ಕೇಳಬಹುದು. ಆಗುತ್ತದೆ. ಎಟಿಎಂನಲ್ಲಿ ಮೊತ್ತ ಮೊದಲೇ ಗೊತ್ತಿರುವುದರಿಂದ ಒಂದೇ ಸಂದೇಶ ಸಾಕಾಗುತ್ತದೆ. ಆದರೆ ಪೆಟ್ರೋಲ್ ಎಷ್ಟು ಹಿಡಿಯುತ್ತದೆಂದು ಪಂಪಿಗೆ ಮೊದಲೇ ಗೊತ್ತಿರದು, ಲಾಡ್ಜಿಗೆ ಎಷ್ಟು ರಾತ್ರಿ ತಂಗುವಿರೆಂಬುದು ಖಾತ್ರಿಯಿರದು. ಮೊತ್ತ ತಿಳಿಯದ ಕಡೆ ಮೊದಲು ಭರವಸೆ, ಆಮೇಲೆ ಲೆಕ್ಕ ಎಂಬುದೇ ಸರಿ. ದಿನಸಿ ಅಂಗಡಿಯಂತೆ ಮೊತ್ತ ಸ್ಪಷ್ಟವಿರುವ ಕಡೆಯೂ ದಿನಗಟ್ಟಲೆ ಕಾಯಿಸುವುದಕ್ಕೆ ಆ ಸಮರ್ಥನೆ ಇಲ್ಲ; ಅಲ್ಲಿ ಉಳಿದಿರುವುದು ಒಟ್ಟಾಗಿ ಕಳಿಸುವ ರೂಢಿ ಮತ್ತು ರಜಾದಿನಗಳ ಅಡ್ಡಿ.

ಹಾಗಾದರೆ ಅಂಗಡಿಯವನು ಮನಬಂದಷ್ಟು ಎಳೆದುಕೊಳ್ಳಬಹುದೇ ಎಂಬ ಅಳುಕೂ ನ್ಯಾಯವಾದದ್ದೇ. ಅದಕ್ಕೆ ತಡೆ ಸಹಿ ಮಾಡಿದ ರಸೀದಿ. ಅದರಲ್ಲಿರುವುದಕ್ಕಿಂತ ಹೆಚ್ಚು ಏರಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಕೆಲವೊಮ್ಮೆ ಎರಡನೆಯ ಸಂದೇಶ ಮೊದಲನೆಯದಕ್ಕೆ ತಾಳೆಯಾಗದೆ ಒಂದೇ ಖರೀದಿ ಎರಡು ಸಾಲಾಗಿ ಕಾಣುತ್ತದೆ. ಅವುಗಳಲ್ಲಿ ಪೆಂಡಿಂಗ್ ಎಂದಿರುವುದು ಬರೀ ಕಾದಿರಿಸಿದ ಹಣ. ಅವಧಿ ಮುಗಿದಾಗ ತಾನಾಗಿ ಬಿಡುಗಡೆಯಾಗುತ್ತದೆ. ಎರಡೂ ಸಾಲು ಪೋಸ್ಟ್ ಆಗಿದ್ದರೆ ಮಾತ್ರ ನಿಜವಾಗಿಯೂ ಎರಡು ಬಾರಿ ಹಣ ಹೋಗಿದೆ, ಆಗ ತಡಮಾಡದೆ ದೂರು ಕೊಡಬೇಕು.