ಸರ್ಟಿಫಿಕೇಷನ್ ಪರೀಕ್ಷೆಯಲ್ಲಿ ಫೇಲಾದ ಮೇಲೆ: ದಿನಗಳ ಲೆಕ್ಕ, ಹಣದ ಲೆಕ್ಕ
(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕಂಪನಿಗಳು ನಡೆಸುವ ಸರ್ಟಿಫಿಕೇಷನ್ ಪರೀಕ್ಷೆಗಳನ್ನು ನಿಮ್ಮಲ್ಲಿ ಅನೇಕರು ಬರೆಯುತ್ತಿದ್ದೀರಿ. ಅದಕ್ಕೆ ಓದುವುದು ಹೇಗೆಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಫೇಲಾದರೆ ಮುಂದೇನು ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಇವತ್ತು ಅದೊಂದನ್ನೇ, ಮೈಕ್ರೋಸಾಫ್ಟ್ ಪರೀಕ್ಷೆಯ ಉದಾಹರಣೆಯೊಂದಿಗೆ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಮುಂದಿನ ಪರೀಕ್ಷೆಯ ದಿನಾಂಕವನ್ನು ಮಂಡಳಿಯೇ ಗೊತ್ತುಮಾಡುತ್ತದೆ. ಇಲ್ಲಿ ದಿನಾಂಕವನ್ನು ನೀವೇ ಆರಿಸಿಕೊಳ್ಳಬೇಕು. ಕಂಪನಿಯು ಕನಿಷ್ಠ ಎಷ್ಟು ದಿನ ಕಾಯಬೇಕೆಂದು ಮಾತ್ರ ಹೇಳುತ್ತದೆ. ಮೈಕ್ರೋಸಾಫ್ಟ್ ನಿಯಮ ಹೀಗಿದೆ: ಮೊದಲ ಸಲ ಫೇಲಾದರೆ 24 ಗಂಟೆ ಕಾದು ಎರಡನೆಯ ಸಲ ಬರೆಯಬಹುದು. ಎರಡನೆಯ ಸಲವೂ ಫೇಲಾದರೆ 14 ದಿನ ಕಾಯಬೇಕು. ಆಮೇಲಿನ ಪ್ರತಿ ಪ್ರಯತ್ನದ ನಡುವೆಯೂ ಅದೇ 14 ದಿನ. ಒಂದೇ ಪರೀಕ್ಷೆಯನ್ನು 12 ತಿಂಗಳಲ್ಲಿ ಐದು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಈ 12 ತಿಂಗಳನ್ನು ಮೊದಲ ಪ್ರಯತ್ನದ ದಿನದಿಂದ ಎಣಿಸುತ್ತಾರೆ.

ಇದನ್ನು ಕ್ಯಾಲೆಂಡರಿನ ಮೇಲೆ ಇಟ್ಟು ನೋಡೋಣ. ಒಬ್ಬ ಹುಡುಗ ಜನವರಿ 5ರ ಬೆಳಿಗ್ಗೆ ಪರೀಕ್ಷೆ ಬರೆದು ಫೇಲಾದನೆಂದು ಇಟ್ಟುಕೊಳ್ಳಿ. ನಾಚಿಕೆಗೋ ಹಟಕ್ಕೋ ಬಿದ್ದು 6ರ ಮಧ್ಯಾಹ್ನವೇ ಮತ್ತೆ ಬರೆಯುತ್ತಾನೆ, ಮತ್ತೆ ಫೇಲಾಗುತ್ತಾನೆ. ಅನುಮತಿ ಸಿಕ್ಕ ಮೊದಲ ದಿನವೇ ಬರೆಯುತ್ತಾ ಹೋದರೆ ಮೂರನೆಯದು ಜನವರಿ 20, ನಾಲ್ಕನೆಯದು ಫೆಬ್ರವರಿ 3, ಐದನೆಯದು ಫೆಬ್ರವರಿ 17. ಅಂದರೆ 43 ದಿನಗಳಲ್ಲಿ ಐದೂ ಅವಕಾಶಗಳು ಮುಗಿದವು. ಇನ್ನು ಅವನು ಮುಂದಿನ ವರ್ಷದ ಜನವರಿ 5ರವರೆಗೆ, ಸುಮಾರು ಹತ್ತೂವರೆ ತಿಂಗಳು, ಕಾಯಬೇಕು. ಅದೇ ಐದು ಪ್ರಯತ್ನಗಳನ್ನು ಎರಡೆರಡು ತಿಂಗಳಿಗೊಮ್ಮೆ ಮಾಡಿದ್ದರೆ ಐದನೆಯದು ಸೆಪ್ಟೆಂಬರ್ ಹೊತ್ತಿಗೆ ಬರುತ್ತಿತ್ತು. ಆಗ ಕಾಯಬೇಕಾದದ್ದು ನಾಲ್ಕೇ ತಿಂಗಳು.

ಇನ್ನು ಹಣದ ಮಾತು. ಪಾಲಕರು ದಯವಿಟ್ಟು ಗಮನಿಸಬೇಕು. ಪ್ರತಿ ಸಲವೂ ಪೂರ್ತಿ ಶುಲ್ಕವನ್ನು ಹೊಸದಾಗಿ ಕಟ್ಟಬೇಕು. ಹಿಂದೆ ಕಟ್ಟಿದ್ದು ಜಮಾ ಆಗುವುದಿಲ್ಲ. ಕಡಿಮೆ ಅಂಕ ಬಂದ ಭಾಗವನ್ನಷ್ಟೇ ಬರೆಯುವ ಅನುಕೂಲವೂ ಇಲ್ಲ, ಇಡೀ ಪರೀಕ್ಷೆಯನ್ನೇ ಮತ್ತೆ ಬರೆಯಬೇಕು. ಲೆಕ್ಕಕ್ಕೆ ಶುಲ್ಕ 4,000 ರೂಪಾಯಿ ಎಂದಿಟ್ಟುಕೊಂಡರೆ, ಆ ಹುಡುಗ 43 ದಿನಗಳಲ್ಲಿ 20,000 ರೂಪಾಯಿ ಕಳೆದ. ಸೀಟು ಕಾಯ್ದಿರಿಸಿ ಪರೀಕ್ಷೆಗೆ ಹೋಗದಿದ್ದರೂ ಶುಲ್ಕ ಹೋದಂತೆಯೇ. ಕಾಲೇಜಿನಿಂದ ರಿಯಾಯಿತಿ ವೋಚರ್ ಸಿಕ್ಕಿದ್ದರೆ ಅದರ ಕೊನೆಯ ದಿನಾಂಕ ನೋಡಿಕೊಳ್ಳಿ. ವೋಚರ್ ಸಾಮಾನ್ಯವಾಗಿ ಒಂದು ಪ್ರಯತ್ನಕ್ಕೆ ಮಾತ್ರ. ಇನ್ನೊಂದು ವೋಚರ್ ಕೈಯಲ್ಲಿದ್ದರೂ, 14 ದಿನ ಕಾಯುವಷ್ಟರಲ್ಲಿ ಅದರ ಅವಧಿ ಮುಗಿದುಹೋಗಬಹುದು.

ಹಾಗಾದರೆ ಎರಡನೆಯ ಪ್ರಯತ್ನ ಯಾವಾಗ? ಅದನ್ನು ಫಲಿತಾಂಶದ ಹಾಳೆಯೇ ಹೇಳುತ್ತದೆ. ಪಾಸಾಗಲು 1000ಕ್ಕೆ 700 ಬೇಕು. ಇದು ಪ್ರಶ್ನೆಗಳ ಕಷ್ಟವನ್ನು ಹೊಂದಿಸಿ ಕೊಡುವ ಅಂಕ, ಆದ್ದರಿಂದ ಇದನ್ನು ಶೇಕಡಾ 70 ಎಂದು ಓದಬಾರದು. ಅಂಕದ ಜೊತೆಗೆ ವಿಷಯದ ಪ್ರತಿ ಭಾಗದಲ್ಲೂ ನೀವು ಹೇಗೆ ಮಾಡಿದ್ದೀರಿ ಎಂದು ತೋರಿಸುವ ಪಟ್ಟಿಗಳಿರುತ್ತವೆ. 680 ಬಂದು, ಒಂದೇ ಭಾಗದ ಪಟ್ಟಿ ಗಿಡ್ಡವಾಗಿದ್ದರೆ ಆ ಭಾಗವನ್ನು ಒಂದೆರಡು ವಾರ ಓದಿದರೆ ಸಾಕಾದೀತು. 500 ಬಂದು ಎಲ್ಲ ಪಟ್ಟಿಗಳೂ ಗಿಡ್ಡವಾಗಿದ್ದರೆ ಒಂದು ರಾತ್ರಿಯ ಓದಿನಿಂದ ಅದು ತುಂಬುವುದಿಲ್ಲ. ಮರುದಿನ ಅದೇ ಪ್ರಶ್ನೆಗಳು ಬರುತ್ತವೆಂದು ನಂಬಿ ಹೋಗಬೇಡಿ.

ಬೇರೆ ಹೆಸರಿನಲ್ಲೋ ಬೇರೆ ಇಮೇಲ್‌ನಲ್ಲೋ ನೋಂದಾಯಿಸಿ ಕಾಯುವ ಅವಧಿಯನ್ನು ತಪ್ಪಿಸಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ನಿಯಮಭಂಗ. ಸಿಕ್ಕಿಬಿದ್ದರೆ ಪಾಸಾದ ಫಲಿತಾಂಶವೂ ರದ್ದಾಗಬಹುದು, ಮುಂದೆ ಪರೀಕ್ಷೆ ಬರೆಯಲೂ ತಡೆ ಬೀಳಬಹುದು.

ಎಲ್ಲ ಕಂಪನಿಗಳ ನಿಯಮವೂ ಒಂದೇ ಅಲ್ಲ. ಅಮೆಜಾನ್‌ನ ಎಡಬ್ಲ್ಯೂಎಸ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಾಗಲೇ 14 ದಿನ ಕಾಯಬೇಕು, ಆದರೆ ಪ್ರಯತ್ನಗಳಿಗೆ ಮಿತಿಯಿಲ್ಲ. ಕಾಂಪ್‌ಟಿಯಾದಲ್ಲಿ ಎರಡನೆಯ ಪ್ರಯತ್ನಕ್ಕೆ ಕಾಯಬೇಕಾಗಿಲ್ಲ, ಮೂರನೆಯದರಿಂದ 14 ದಿನ. ಶುಲ್ಕವಂತೂ ಮೂರೂ ಕಡೆ ಪ್ರತಿ ಸಲ ಕಟ್ಟಲೇಬೇಕು. ನಿಯಮಗಳು ಬದಲಾಗುವುದುಂಟು, ಆದ್ದರಿಂದ ಹಣ ಕಟ್ಟುವ ದಿನ ಆಯಾ ಕಂಪನಿಯ ನಿಯಮವನ್ನು ಓದಿಕೊಳ್ಳಿ.

ವಿದ್ಯಾರ್ಥಿಗಳೇ, 24 ಗಂಟೆ ಎಂಬುದು ಕಂಪನಿ ಕೊಟ್ಟ ಅನುಮತಿ, ಅದನ್ನು ಸಲಹೆ ಎಂದು ತಿಳಿಯಬೇಡಿ. ಮೊದಲ ಸಲ ಹಣ ಕಟ್ಟುವಾಗಲೇ ಎರಡನೆಯ ಶುಲ್ಕ ಎಲ್ಲಿಂದ ಬರುತ್ತದೆಂದು ಮನೆಯಲ್ಲಿ ಕೂತು ಮಾತಾಡಿ. ಫೇಲಾದರೆ ಆ ಹಾಳೆಯನ್ನು ಮನೆಯವರಿಗೂ ತೋರಿಸಿ, ಆಮೇಲೆ ದಿನಾಂಕ ಆರಿಸಿ.