ಊರಿಗೆ ಕಳಿಸಿದ ದಿರ್ಹಮ್‌ಗೆ ವರ್ಷದ ಸರಾಸರಿ ದರ ಎಷ್ಟು?

ಇವತ್ತು ನಂದೇ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ದುಬೈನಲ್ಲಿದ್ದಾಗ ಮೊದಲ ವರ್ಷ ಊರಿಗೆ ಕಳಿಸಿದ್ದು 2,73,000 ರೂಪಾಯಿ, ಎರಡನೇ ವರ್ಷ 2,74,950. ಉಳಿತಾಯ ಏರಿದೆ ಅನ್ನೋ ಧೈರ್ಯದಲ್ಲಿ ಮನೆ ಸಾಲದ ಕಂತು ಹೆಚ್ಚಿಸೋಕೆ ಹೊರಟಿದ್ದೆ. ಆಮೇಲೆ ದಿರ್ಹಮ್ ಲೆಕ್ಕ ನೋಡಿದ್ರೆ, ಮೊದಲ ವರ್ಷ 12,000, ಎರಡನೇ ವರ್ಷ 11,700! ಉಳಿಸಿದ್ದು ಕಡಿಮೆ. ಸರಾಸರಿ ದರ 22.75ರಿಂದ 23.50ಕ್ಕೆ ಏರಿದ್ದು ಅದನ್ನ ಮುಚ್ಚಿಹಾಕಿತ್ತು.

ದಿರ್ಹಮ್‌ನ ಬೆಲೆ ಡಾಲರ್‌ಗೆ ಕಟ್ಟಿಹಾಕಿದೆ. ಒಂದು ಡಾಲರ್‌ಗೆ 3.6725 ದಿರ್ಹಮ್. ಹಾಗಾಗಿ ಡಾಲರ್ ಎದುರು ರೂಪಾಯಿ ಬಿದ್ರೆ, ನಾವು ಏನೂ ಮಾಡದೇನೇ ಊರಿನ ಖಾತೆಗೆ ಹೆಚ್ಚು ರೂಪಾಯಿ ಬೀಳುತ್ತೆ.

ಆದ್ದರಿಂದ ಮೊಬೈಲ್‌ನಲ್ಲೇ ಒಂದು ಶೀಟ್ ಮಾಡಿ. A ಕಾಲಂನಲ್ಲಿ ತಿಂಗಳು, Bನಲ್ಲಿ ಕಳಿಸಿದ ದಿರ್ಹಮ್, Cನಲ್ಲಿ ಖಾತೆಗೆ ಬಂದ ರೂಪಾಯಿ. ದರವನ್ನ ನೆಟ್‌ನಲ್ಲಿ ನೋಡಿ ಬರೀಬೇಡಿ. ಅಲ್ಲಿ ಕಾಣೋ ದರ ಎಕ್ಸ್‌ಚೇಂಜ್‌ನವರು ನಿಮಗೆ ಕೊಡೋ ದರ ಅಲ್ಲ. Cಯನ್ನ Bಯಿಂದ ಭಾಗಿಸಿದ್ರೆ ನಿಮಗೆ ಸಿಕ್ಕ ನಿಜವಾದ ದರ ಬರುತ್ತೆ.

ಈಗ ವರ್ಷದ ಸರಾಸರಿ. ಬಹಳ ಜನ ತಪ್ಪೋದು ಇಲ್ಲೇ. ಮೂರು ತಿಂಗಳದ್ದು ಉದಾಹರಣೆ ತಗೊಳ್ಳಿ. 22.50ರ ದರದಲ್ಲಿ 1,000 ದಿರ್ಹಮ್, 23ರಲ್ಲಿ ಇನ್ನೊಂದು 1,000, ಬೋನಸ್ ಬಂದ ತಿಂಗಳು 24ರಲ್ಲಿ 4,000. ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದ್ರೆ 23.17 ಬರುತ್ತೆ. ಆದ್ರೆ ಊರಿಗೆ ಬಂದಿದ್ದು ಒಟ್ಟು 1,41,500 ರೂಪಾಯಿ, ಕಳಿಸಿದ್ದು 6,000 ದಿರ್ಹಮ್. ಭಾಗಿಸಿದ್ರೆ 23.58. ಇದೇ ಸರಿ, ಯಾಕಂದ್ರೆ ದೊಡ್ಡ ಮೊತ್ತ ಹೋಗಿದ್ದು ಒಳ್ಳೆ ದರದಲ್ಲಿ. ಹನ್ನೆರಡು ತಿಂಗಳಿಗೆ ಸೂತ್ರ ಇಷ್ಟೇ:

```
=SUM(C2:C13)/SUM(B2:B13)
```

ಬಂದ ಉತ್ತರವನ್ನ ಒಟ್ಟು ದಿರ್ಹಮ್‌ಗೆ ಗುಣಿಸಿ. ಪಾಸ್‌ಬುಕ್‌ನ ಮೊತ್ತಕ್ಕೆ ತಾಳೆಯಾದ್ರೆ ಲೆಕ್ಕ ಸರಿ. 23.17 ಹಾಕಿದ್ರೆ ಸುಮಾರು 2,500 ರೂಪಾಯಿ ಕಾಣೆಯಾಗುತ್ತೆ.

ಕಳಿಸೋ ಶುಲ್ಕವನ್ನೂ B ಕಾಲಂಗೇ ಸೇರಿಸಿ. ಪ್ರತಿ ಸಲ 20 ದಿರ್ಹಮ್ ಅಂದ್ಕೊಂಡ್ರೆ ನಿಮ್ಮ ಕೈಯಿಂದ ಹೋಗಿದ್ದು 6,060. ಆಗ ಸರಾಸರಿ 23.35ಕ್ಕೆ ಇಳಿಯುತ್ತೆ. ಚಿಕ್ಕ ಚಿಕ್ಕ ಮೊತ್ತ ಪದೇ ಪದೇ ಕಳಿಸೋರಿಗೆ ಈ ಪೆಟ್ಟು ಇನ್ನೂ ಜಾಸ್ತಿ. ಇನ್ನು, ಅಲ್ಲಿನ ಖಾತೆಯಲ್ಲೇ ಉಳಿದ ದಿರ್ಹಮ್ ಈ ಸರಾಸರಿಗೆ ಸೇರಲ್ಲ. ಅದಿನ್ನೂ ರೂಪಾಯಿ ಆಗಿಲ್ಲವಲ್ಲ, ಬೇರೆ ಕಾಲಂನಲ್ಲಿ ದಿರ್ಹಮ್ ಆಗೇ ಇರಲಿ.

ವರ್ಷ ಮುಗಿದಾಗ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿ: ಒಟ್ಟು ದಿರ್ಹಮ್, ಸರಾಸರಿ ದರ. ಮೊದಲನೆಯದು ನಿಮ್ಮ ದುಡಿಮೆ, ಎರಡನೆಯದು ಮಾರುಕಟ್ಟೆಯ ಆಟ. ನಾನು ಕಂತು ಏರಿಸಲಿಲ್ಲ. ಮೊದಲು ಆ 300 ದಿರ್ಹಮ್ ಎಲ್ಲಿ ಸೋರಿತು ಅಂತ ಹುಡುಕಿದೆ.

ಮುಂದಿನ ಕಂತಿನಲ್ಲಿ ಸಿಗೋಣ.