ಬಿಳಿ ಚಿನ್ನ ಹಳದಿಯಾದಾಗ



ಕೊಂಡ ಒಂದೂವರೆ ವರ್ಷಕ್ಕೇ ನನ್ನ ವೈಟ್ ಗೋಲ್ಡ್ ಉಂಗುರ ಅಂಗೈ ಕಡೆ ಹಳದಿಗೆ ತಿರುಗಿತು. ಮೋಸಹೋದೆ ಅಂದುಕೊಂಡೆ. ಅಕ್ಕಸಾಲಿಗರು ಪರೀಕ್ಷಿಸಿ, "ಒಳಗಿನ 750 ಮುದ್ರೆ ಸರಿಯಾಗಿದೆಯಮ್ಮ, ಸಾವಿರಕ್ಕೆ 750 ಪಾಲು ಚಿನ್ನವೇ. ಸವೆದಿರುವುದು ರೋಡಿಯಂ" ಎಂದರು.

ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕಲ್ ಬೆರೆಸಿದರೆ ಹಳದಿ ತಗ್ಗುತ್ತದೆ, ಆದರೆ ಸಾಮಾನ್ಯವಾಗಿ ಪೂರ್ತಿ ಹೋಗುವುದಿಲ್ಲ. ಅಂಗಡಿಯಲ್ಲಿ ಕಾಣುವ ಆ ಕನ್ನಡಿಯಂಥ ಬಿಳುಪು ಮೇಲಿನ ರೋಡಿಯಂ ಲೇಪದ್ದು. ರೋಡಿಯಂ ಗಟ್ಟಿ ಲೋಹವೇ. ಆದರೆ ಲೇಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು. ಸ್ಟೀರಿಂಗ್, ಪಾತ್ರೆಗಳಿಗೆ ಉಜ್ಜುವ ಅಂಗೈ ಕಡೆಯೇ ಮೊದಲು ಸವೆಯುತ್ತದೆ.

ದಿನವೂ ತೊಡುವ ಉಂಗುರಕ್ಕೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಲೇಪ ಬೇಕಾಗಬಹುದು. ಉಜ್ಜಾಟವಿಲ್ಲದ ಓಲೆ, ಪದಕಗಳಿಗೆ ಹಲವು ವರ್ಷ ಬೇಕಾಗುವುದಿಲ್ಲ. ಲೇಪಕ್ಕೆ ಮೊದಲು ಪಾಲಿಶ್ ಮಾಡುವಾಗ ಪ್ರತಿ ಸಲವೂ ತುಸು ಚಿನ್ನ ಹೋಗುತ್ತದೆ. ಹಾಗಾಗಿ ಕ್ಯಾಲೆಂಡರ್ ನೋಡಿ ಮಾಡಿಸಬೇಡಿ, ಹಳದಿ ಕಂಡಾಗ ಮಾಡಿಸಿ. ಆದರೆ ಸವೆದ ಮೇಲೆ ಬೆರಳು ತುರಿಸತೊಡಗಿದರೆ ಒಳಗಿನ ನಿಕಲ್ ಚರ್ಮಕ್ಕೆ ತಾಗುತ್ತಿರಬಹುದು. ಆಗ ಉಂಗುರ ತೆಗೆದಿಡಿ, ತಡಮಾಡದೆ ಲೇಪ ಹಾಕಿಸಿ.